ಹಾಜರಾತಿ ಅರ್ಜಿ ಕೊಡುವ ಮುಂಚೆ ಒಂದು ಸಲ ಓದು ಮಗಳೇ

ಮಂಡ್ಯ

ಪ್ರೀತಿಯ ಪುಟ್ಟಿ,

ನೀನು ಬರೆದ ಅರ್ಜಿಯ ಫೋಟೊ ನೋಡಿದೆ. ಹುಷಾರಿರಲಿಲ್ಲ ಅಂತ ದಿನಾಂಕ ಬರೆದು, 'ದಯವಿಟ್ಟು ಹಾಜರಾತಿ ಕೊಡಿ' ಅಂತಷ್ಟೇ ಇದೆ. ಇದನ್ನು ಈಗಲೇ ಕೊಡಬೇಡ. ಕಾಲೇಜು ಆಫೀಸಿನಲ್ಲಿ ಇಷ್ಟು ವರ್ಷ ಇಂಥ ಫೈಲುಗಳನ್ನೇ ಪ್ರಾಂಶುಪಾಲರ ಮೇಜಿಗೆ ಇಟ್ಟವಳು ನಾನು. ಯಾವುದಕ್ಕೆ ಸಹಿ ಬೀಳುತ್ತೆ, ಯಾವುದು ವಾಪಸ್ ಬರುತ್ತೆ ಅಂತ ನೋಡಿದ್ದೀನಿ. ನಿಜವಾಗಿ ಡೆಂಗ್ಯೂ ಬಂದು ಮಲಗಿದ ಮಕ್ಕಳ ಅರ್ಜಿಗಳೇ ದಿನಾಂಕ ಸರಿಯಿಲ್ಲದೆ ವಾಪಸ್ ಹೋಗಿವೆ. ನಿನ್ನದು ಹಾಗಾಗಬಾರದು.

ಮೊದಲು ಲೆಕ್ಕ ನೋಡೋಣ. ನಿಮ್ಮ ವಿಟಿಯು ನಿಯಮದಲ್ಲಿ ಶೇ 85ರಷ್ಟು ಹಾಜರಾತಿ ಬೇಕು. ಸರಿಯಾದ ಕಾರಣ ಮತ್ತು ದಾಖಲೆ ಇದ್ದರೆ ಶೇ 10ರ ವರೆಗೆ ಕೊರತೆ ಮನ್ನಾ ಆಗಬಹುದು. ಅಂದರೆ 75ಕ್ಕಿಂತ ಕೆಳಗೆ ಹೋದವರಿಗೆ ಈ ಅರ್ಜಿಯಿಂದ ಉಪಯೋಗವಿಲ್ಲ. ನೀನು ಎಲ್ಲ ವಿಷಯ ಸೇರಿಸಿ 'ಒಟ್ಟು 78 ಇದೆ ಅಮ್ಮ' ಅಂದೆಯಲ್ವಾ? ಹಾಗೆ ನೋಡೋದಿಲ್ಲ. ಒಂದೊಂದು ವಿಷಯವನ್ನೂ ಬೇರೆ ಬೇರೆ ನೋಡುತ್ತಾರೆ.

ಗಣಿತದಲ್ಲಿ ಈವರೆಗೆ 40 ಕ್ಲಾಸ್ ಆಗಿವೆ, ನೀನು 31ಕ್ಕೆ ಹೋಗಿದ್ದೀಯ. ಅದು ಶೇ 77.5. ಇಲ್ಲಿ ಅರ್ಜಿ ನಡೆಯುತ್ತೆ. ಎಲೆಕ್ಟ್ರಾನಿಕ್ಸ್‌ನಲ್ಲೂ 40 ಆಗಿವೆ, ಆದರೆ ಹೋಗಿರೋದು 29ಕ್ಕೆ. ಅದು ಶೇ 72.5. ಇವತ್ತೇ ಕೊರತೆ ಪಟ್ಟಿ ಹಾಕಿದರೆ ಆ ವಿಷಯದಲ್ಲಿ ಪ್ರಾಂಶುಪಾಲರಿಗೆ ಮನಸ್ಸಿದ್ದರೂ ಏನೂ ಮಾಡೋಕಾಗಲ್ಲ. ಇನ್ನು 8 ಕ್ಲಾಸ್ ಉಳಿದಿವೆ ಅಂತ ಹೇಳಿದೆ. ಎಂಟಕ್ಕೂ ಹೋದರೆ 48ಕ್ಕೆ 37, ಅಂದರೆ ಶೇ 77. ಒಂದು ತಪ್ಪಿದರೆ 36, ಆಗ ಸರಿಯಾಗಿ 75. ಎರಡು ತಪ್ಪಿದರೆ ಮುಗೀತು. ಅದಕ್ಕೇ ಎಲೆಕ್ಟ್ರಾನಿಕ್ಸ್ ಕ್ಲಾಸನ್ನು ಯಾವ ಕಾರಣಕ್ಕೂ ಬಿಡಬೇಡ. ಲ್ಯಾಬಿನ ಹಾಜರಾತಿಯನ್ನೂ ಬೇರೆಯಾಗಿ ಕೇಳಿಕೋ.

ಈಗ ದಿನಾಂಕಗಳು. ಅರ್ಜಿಯಲ್ಲಿ 'ಅಕ್ಟೋಬರ್ 30ರಿಂದ ನವೆಂಬರ್ 18ರ ವರೆಗೆ ಡೆಂಗ್ಯೂ' ಅಂತ ಬರೆದಿದ್ದೀಯ. ಜ್ವರ ಬಂದದ್ದು ನವೆಂಬರ್ 4ಕ್ಕೆ. ಅಕ್ಟೋಬರ್ 30, 31 ಚಿಕ್ಕಪ್ಪನ ಮನೆ ಗೃಹಪ್ರವೇಶಕ್ಕೆ ಬಂದಿದ್ದೆ. ಆಮೇಲೆ ಸೋಮವಾರ, 3ನೇ ತಾರೀಖು, ಕ್ಲಾಸಿಗೂ ಹೋಗಿದ್ದೆ. ಅವತ್ತಿನ ರಿಜಿಸ್ಟರಿನಲ್ಲಿ ನಿನ್ನ ಹೆಸರಿನ ಮುಂದೆ ಹಾಜರಿ ಇದೆ. ಡೆಂಗ್ಯೂ ಇದ್ದವಳು ನಡುವೆ ಒಂದು ದಿನ ಕ್ಲಾಸಿನಲ್ಲಿ ಹೇಗೆ ಕೂತಳು ಅಂತ ವಿಭಾಗದ ಮುಖ್ಯಸ್ಥರು ಕೇಳೇ ಕೇಳುತ್ತಾರೆ. ಆ ಎರಡು ದಿನದ ಆಸೆಗೆ ಉಳಿದ ಹದಿನೈದು ದಿನದ ಮೇಲೂ ಅನುಮಾನ ಬರುತ್ತೆ. ಅವನ್ನು ಕಾಯಿಲೆಗೆ ಸೇರಿಸಬೇಡ. ಅವೆರಡನ್ನು ಬಿಟ್ಟರೂ, ಉಳಿದ ಕ್ಲಾಸ್ ತಪ್ಪಿಸದಿದ್ದರೆ ನೀನು 75ರ ಮೇಲೇ ಇರುತ್ತೀಯ, ಅಷ್ಟಕ್ಕೆ ಸುಳ್ಳು ಯಾಕೆ?

ಇನ್ನು 4ರಿಂದ 18ರ ವರೆಗೆ ಪ್ರತಿ ದಿನಕ್ಕೂ ಒಂದು ಕಾಗದದ ಆಧಾರ ಇರಬೇಕು. ನೀನು ಬರೀ ಡಿಸ್ಚಾರ್ಜ್ ಸಮ್ಮರಿ ಲಗತ್ತಿಸಿದ್ದೀಯ. ಅದರಲ್ಲಿ ಇರೋದು 6ಕ್ಕೆ ಅಡ್ಮಿಟ್, 11ಕ್ಕೆ ಡಿಸ್ಚಾರ್ಜ್ ಅಂತ ಮಾತ್ರ. 4 ಮತ್ತು 5ಕ್ಕೆ ಏನು ಆಧಾರ? ನಮ್ಮ ಡಾಕ್ಟರ ಹತ್ತಿರ 5ನೇ ತಾರೀಖು ಹೋದಾಗ ಕೊಟ್ಟ ಓಪಿಡಿ ಚೀಟಿಯಲ್ಲಿ 'ಎರಡು ದಿನದಿಂದ ಜ್ವರ' ಅಂತ ಬರೆದಿದ್ದಾರೆ. ಅದೇ ದಿನದ ಲ್ಯಾಬ್ ರಿಪೋರ್ಟಿನಲ್ಲಿ ಡೆಂಗ್ಯೂ ಪರೀಕ್ಷೆ ಎನ್‌ಎಸ್1 ಪಾಸಿಟಿವ್ ಇದೆ. ಎರಡೂ ನನ್ನ ಫೈಲಿನಲ್ಲಿವೆ. ಮೆಡಿಕಲ್ ಸರ್ಟಿಫಿಕೇಟಿಗಿಂತ ಈ ರಿಪೋರ್ಟನ್ನೇ ಜಾಸ್ತಿ ನಂಬುತ್ತಾರೆ, ಯಾಕಂದ್ರೆ ರಕ್ತ ತೆಗೆದ ದಿನ, ಗಂಟೆ ಎಲ್ಲ ಅದರಲ್ಲಿ ಅಚ್ಚಾಗಿರುತ್ತೆ.

ಹೆಚ್ಚು ಮಕ್ಕಳು ಸಿಕ್ಕಿಹಾಕಿಕೊಳ್ಳೋದು ಡಿಸ್ಚಾರ್ಜ್ ಆದ ಮೇಲಿನ ದಿನಗಳಲ್ಲಿ. ನಿನಗೂ ಹಾಗೇ. 12ರಿಂದ 18ರ ವರೆಗೆ ಎದ್ದು ನಿಂತರೆ ತಲೆ ಸುತ್ತುತ್ತಿತ್ತು, ಬರೀ ಗಂಜಿ ಕುಡಿದುಕೊಂಡು ಮಲಗಿದ್ದೆ. ನಾನು ಪಕ್ಕದಲ್ಲೇ ಇದ್ದೆ, ನನಗೆ ಗೊತ್ತು. ಆದರೆ ಡಿಸ್ಚಾರ್ಜ್ ಸಮ್ಮರಿಯಲ್ಲಿ 'ಒಂದು ವಾರ ಬಿಟ್ಟು ತೋರಿಸಿ' ಅಂತ ಇದೆ, 'ವಿಶ್ರಾಂತಿ ಬೇಕು' ಅಂತ ಎಲ್ಲೂ ಇಲ್ಲ. ಮನೆಗೆ ಕಳಿಸಿದ ಮೇಲೆ ಕಾಲೇಜಿಗೆ ಬರಬಹುದಿತ್ತಲ್ಲ ಅಂದರೆ ಏನು ಹೇಳ್ತೀಯ? 18ಕ್ಕೆ ಮತ್ತೆ ತೋರಿಸಲು ಹೋದಾಗ ಪ್ಲೇಟ್‌ಲೆಟ್ ನೋಡಿ ಡಾಕ್ಟರು 'ನಾಳೆಯಿಂದ ಹೋಗಬಹುದು' ಅಂದರಲ್ಲ, ಅದು ಅವರ ಕೇಸ್ ಶೀಟಿನಲ್ಲೂ ಇದೆ. ಅದನ್ನು ನೋಡಿ, 12ರಿಂದ 18ರ ವರೆಗೆ ವಿಶ್ರಾಂತಿ ಬೇಕಿತ್ತು, 19ರಿಂದ ತರಗತಿಗೆ ಹೋಗಲು ಯೋಗ್ಯಳು ಅಂತ ಒಂದು ಸರ್ಟಿಫಿಕೇಟ್ ಕೇಳಿದ್ದೀನಿ.

ಅದರ ಮೇಲೆ ಕೊಡುವ ದಿನದ ತಾರೀಖೇ ಇರುತ್ತೆ. ಹಳೇ ತಾರೀಖು ಹಾಕಿಸೋಣ ಅಂತ ನಿನ್ನ ಗೆಳತಿ ಹೇಳಿದಳಂತೆ, ಅದು ಬೇಡವೇ ಬೇಡ. ಈಗ ಬರೆದು, ಹಿಂದಿನ ದಿನಗಳಿಗೆ ಕೇಸ್ ಶೀಟಿನ ಆಧಾರ ಕೊಟ್ಟರೆ ಅದು ಸರಿಯಾದ ಕಾಗದ. ತಾರೀಖನ್ನೇ ಹಿಂದೆ ಹಾಕಿದರೆ ಸುಳ್ಳು ಕಾಗದ, ಡಾಕ್ಟರಿಗೂ ತೊಂದರೆ. ಸೀಲು, ಸಹಿ, ಡಾಕ್ಟರ ನೋಂದಣಿ ಸಂಖ್ಯೆ ಮೂರೂ ಇವೆಯಾ ಅಂತ ಅಪ್ಪ ಅಲ್ಲೇ ನೋಡಿಕೊಂಡು ಬರುತ್ತಾರೆ. ನಿನ್ನ ಹೆಸರು, ಇನಿಷಿಯಲ್ ಕಾಲೇಜು ದಾಖಲೆಯಲ್ಲಿ ಇರುವಂತೆಯೇ ಬರೆಸಲು ಹೇಳಿದ್ದೀನಿ.

ಅರ್ಜಿ ಉದ್ದ ಬೇಡ. ಇಷ್ಟು ಸಾಕು. ನಿಮ್ಮಲ್ಲಿ ಇಂಗ್ಲಿಷಿನಲ್ಲೇ ಬೇಕು ಅಂದರೆ ಇದನ್ನೇ ಇಂಗ್ಲಿಷಿನಲ್ಲಿ ಬರಿ:

'ಇವರಿಗೆ: ಪ್ರಾಂಶುಪಾಲರು. ಮೂಲಕ: ವಿಭಾಗದ ಮುಖ್ಯಸ್ಥರು.
ವಿಷಯ: ಹಾಜರಾತಿ ಕೊರತೆ ಮನ್ನಿಸಲು ಕೋರಿ.
ಮಾನ್ಯರೇ, ನಾನು ಮೂರನೇ ಸೆಮಿಸ್ಟರ್ ವಿದ್ಯಾರ್ಥಿನಿ. ನವೆಂಬರ್ 4ರಿಂದ 18ರ ವರೆಗೆ ಡೆಂಗ್ಯೂ ಜ್ವರದಿಂದ ತರಗತಿಗಳಿಗೆ ಬರಲಾಗಲಿಲ್ಲ. 6ರಿಂದ 11ರ ವರೆಗೆ ಆಸ್ಪತ್ರೆಯಲ್ಲಿದ್ದೆ. ಇದರಿಂದ ಕೆಳಗಿನ ಪಟ್ಟಿಯಲ್ಲಿರುವ ವಿಷಯಗಳಲ್ಲಿ ಹಾಜರಾತಿ ಶೇ 85ಕ್ಕಿಂತ ಕಡಿಮೆಯಾಗಿದೆ. ದಾಖಲೆಗಳನ್ನು ಲಗತ್ತಿಸಿದ್ದೇನೆ. ಕೊರತೆಯನ್ನು ಮನ್ನಿಸಿ ಪರೀಕ್ಷೆಗೆ ಅನುಮತಿ ನೀಡಬೇಕೆಂದು ಕೋರುತ್ತೇನೆ.'

ಮೇಲೆ ನಿನ್ನ ಯುಎಸ್‌ಎನ್ ಬರಿ. ಕೆಳಗೆ ವಿಷಯದ ಹೆಸರು ಮತ್ತು ಕೋಡ್, ನಡೆದ ಕ್ಲಾಸು, ಹೋದ ಕ್ಲಾಸು, ಕಾಯಿಲೆಯ ದಿನಗಳಲ್ಲಿ ತಪ್ಪಿದ ಕ್ಲಾಸು, ಶೇಕಡಾ ಇಷ್ಟನ್ನು ಪಟ್ಟಿ ಮಾಡು. ಅಂಕಿಗಳನ್ನು ನಿನ್ನ ಡೈರಿಯಿಂದ ತೆಗೆಯಬೇಡ, ವಿಭಾಗದಲ್ಲಿ ಕೇಳಿ ಬರೆದುಕೋ. ನಿನ್ನ ಸಹಿಯ ಪಕ್ಕ ಅಪ್ಪನ ಸಹಿಯೂ ಇರಲಿ.

ಸೆಮಿಸ್ಟರ್ ಮುಗಿದು ಕೊರತೆ ಪಟ್ಟಿ ನೋಟಿಸ್ ಬೋರ್ಡಿಗೆ ಬರಲಿ ಅಂತ ಕಾಯಬೇಡ. ಪಟ್ಟಿ ಬಂದ ಮೇಲೆ ಬರುವ ಕಾಗದವನ್ನು ಯಾರೇ ಆದರೂ ಅನುಮಾನದಿಂದ ನೋಡುತ್ತಾರೆ. ಆಫೀಸಿಗೆ ಜೆರಾಕ್ಸ್ ಕೊಡು, ಒರಿಜಿನಲ್ ತೋರಿಸಿ ವಾಪಸ್ ತಗೋ. ನಿನ್ನ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳದೆ ಕೌಂಟರ್ ಬಿಟ್ಟು ಬರಬೇಡ. ಆಮೇಲೆ 'ಅರ್ಜಿ ಬಂದೇ ಇಲ್ಲ' ಅಂದರೆ ನಿನ್ನ ಕೈಯಲ್ಲಿರೋದು ಅದೊಂದೇ.

ಇನ್ನೊಂದು. 10ನೇ ತಾರೀಖಿನ ಇಂಟರ್ನಲ್ ಟೆಸ್ಟ್ ತಪ್ಪಿತಲ್ಲ, ಹಾಜರಾತಿ ಮನ್ನಾ ಆದರೂ ಅದರ ಅಂಕ ತಾನಾಗಿ ಬರೋದಿಲ್ಲ. ಅದಕ್ಕೆ ಬೇರೆ ಅರ್ಜಿ ಬರೆದು, ಇದೇ ಡಿಸ್ಚಾರ್ಜ್ ಸಮ್ಮರಿಯ ಜೆರಾಕ್ಸ್ ಇಟ್ಟು, ಮೊದಲು ಆ ವಿಷಯದ ಮೇಷ್ಟ್ರ ಹತ್ತಿರ ಮಾತಾಡು.

ಅಪ್ಪ ಗುರುವಾರ ಸರ್ಟಿಫಿಕೇಟ್ ತಗೊಂಡು ಶುಕ್ರವಾರ ಬೆಳಗ್ಗೆ ಮೈಸೂರಿಗೆ ಬರುತ್ತಾರೆ. ಅಷ್ಟರಲ್ಲಿ ವಿಷಯವಾರು ಪಟ್ಟಿ ರೆಡಿ ಮಾಡಿ ನನಗೆ ಫೋಟೊ ಕಳಿಸು, ಲೆಕ್ಕ ಒಂದು ಸಲ ನೋಡುತ್ತೀನಿ. ರಾತ್ರಿ ಜಾಸ್ತಿ ಹೊತ್ತು ಎದ್ದಿರಬೇಡ, ಇನ್ನೂ ಸುಸ್ತು ಹೋಗಿಲ್ಲ ನಿಂಗೆ.

ನಿನ್ನ ಅಮ್ಮ