ಮೊದಲ ಗ್ರಾಹಕನನ್ನು ಹುಡುಕುತ್ತಿರುವ ಗೆಳೆಯನಿಗೆ

ಪ್ರಿಯ ಗೆಳೆಯ,

ವೆಬ್‌ಸೈಟ್ ಮಾಡಿಕೊಡುವ ಕೆಲಸಕ್ಕೆ ಇಳಿದು ಎರಡು ತಿಂಗಳಾಯಿತು, ನಲವತ್ತು ಅಂಗಡಿಗಳಿಗೆ ಕರಪತ್ರ ಹಂಚಿದರೂ ಒಬ್ಬರೂ ಕರೆಯಲಿಲ್ಲ ಎಂದು ಬರೆದಿದ್ದೀಯ. ಓದಿ ಸಂಕಟವಾಯಿತು. ನಾನೂ ಹಾಗೆಯೇ ಶುರು ಮಾಡಿದ್ದೆ. ಕರಪತ್ರದಲ್ಲಿ ಇರುವುದು ನಮ್ಮ ಕೆಲಸದ ವಿಚಾರ. ಅಂಗಡಿಯವರಿಗೆ ಬೇಕಾದದ್ದು ಅವರ ಅಂಗಡಿಯ ವಿಚಾರ.

ನನ್ನ ಮೊದಲ ಗ್ರಾಹಕರು ಒಬ್ಬ ಕನ್ನಡಕದ ವ್ಯಾಪಾರಿ. ಹೋಗುವ ಮುನ್ನ ಮೊಬೈಲಿನ ನಕ್ಷೆಯಲ್ಲಿ ಅವರ ಅಂಗಡಿಯನ್ನು ಹುಡುಕಿದೆ. ಅಲ್ಲಿದ್ದ ಸಂಖ್ಯೆಗೆ ಎರಡು ಸಲ ಕರೆ ಮಾಡಿದೆ, ಯಾರೂ ಎತ್ತಲಿಲ್ಲ. ಮರುದಿನ ಬೆಳಿಗ್ಗೆ, ಬಾಗಿಲು ತೆರೆದು ಅರ್ಧ ಗಂಟೆ ಕಳೆದ ಮೇಲೆ ಹೋದೆ. ಆ ಹೊತ್ತಿಗೆ ಗಿರಾಕಿಗಳು ಕಡಿಮೆ, ಮಾಲೀಕರೇ ಕುಳಿತಿರುತ್ತಾರೆ. ನನ್ನ ಪರಿಚಯವನ್ನು ಒಂದೇ ವಾಕ್ಯದಲ್ಲಿ ಮುಗಿಸಿ, ಮೊಬೈಲನ್ನು ಅವರ ಮುಂದಿಟ್ಟು, "ಈ ಸಂಖ್ಯೆ ನಿಮ್ಮದೇ?" ಎಂದು ಕೇಳಿದೆ. ಅವರು ಕನ್ನಡಕವನ್ನು ಹಣೆಗೆ ಏರಿಸಿ ನೋಡಿದರು. ಹಳೆಯ ಸ್ಥಿರ ದೂರವಾಣಿಯ ಸಂಖ್ಯೆ ಅದು, ಸಂಪರ್ಕ ತೆಗೆಸಿ ಬಹಳ ಕಾಲವಾಗಿತ್ತು. "ಹಾಗಾದರೆ ಇಷ್ಟು ದಿನ ಕರೆ ಮಾಡಿದವರೆಲ್ಲ?" ಎಂದು ಅವರೇ ಕೇಳಿದರು.

ಅಲ್ಲಿ ನಾನು ವೆಬ್‌ಸೈಟಿನ ಮಾತೆತ್ತಲಿಲ್ಲ. ಅವರದೇ ಖಾತೆಯಿಂದ, ಅವರ ಕೈಯಲ್ಲೇ ಸಂಖ್ಯೆ ಬದಲಿಸುವ ಅರ್ಜಿ ಹಾಕಿಸಿದೆ. ಖಾತೆ ಎಂದೂ ನಮ್ಮ ಹೆಸರಿನಲ್ಲಿ ಇರಬಾರದು, ನಾಳೆ ಜಗಳಕ್ಕೆ ಅದೇ ಕಾರಣವಾಗುತ್ತದೆ. ಪುಕ್ಕಟೆ ಕೆಲಸವೂ ಇಷ್ಟಕ್ಕೇ ನಿಲ್ಲಲಿ. ಹೊಸ ಸಂಖ್ಯೆ ಕಾಣಿಸಿಕೊಳ್ಳಲು ಕೆಲವು ದಿನ ಹಿಡಿಯಬಹುದು, ಅದೇ ನಮಗೆ ಮತ್ತೆ ಕರೆ ಮಾಡಲು ನೆಪ. ನಾಲ್ಕನೆಯ ದಿನ ಫೋನ್ ಮಾಡಿ, "ಸಂಖ್ಯೆ ಬದಲಾಗಿದೆ, ಒಮ್ಮೆ ನೋಡಿ" ಎಂದೆ. ವೆಬ್‌ಸೈಟಿನ ಬೆಲೆ, ಅವಧಿ ಎರಡನ್ನೂ ಅವರೇ ಕೇಳಿದರು.

ಆಸಕ್ತಿಯ ಗುರುತು ಆ ಎರಡು ಪ್ರಶ್ನೆಗಳೇ. "ನೋಡೋಣ, ಕಾರ್ಡ್ ಇಟ್ಟು ಹೋಗಿ" ಎಂದರೆ ಅದು ಮರ್ಯಾದೆಯ ನಿರಾಕರಣೆ. ಒಂದೇ ಒಂದು ಸಲ ವಿಚಾರಿಸು, ಮತ್ತೆ ಬೆನ್ನು ಹತ್ತಬೇಡ.

ಬಾಯಿಮಾತಿನ ವಿಷಯದಲ್ಲಿ ನಾನು ಎಡವಿದ್ದು ಹೀಗೆ: ಆ ವ್ಯಾಪಾರಿಗೆ ಮೊದಲು "ಯಾರಿಗಾದರೂ ಬೇಕಿದ್ದರೆ ಹೇಳಿ" ಎಂದುಬಿಟ್ಟಿದ್ದೆ. ಅವರಿಗೆ ಯಾರೂ ನೆನಪಾಗಲಿಲ್ಲ. ಅದೇ ವ್ಯಾಪಾರದ ಇನ್ನೊಬ್ಬರ ಹೆಸರನ್ನಂತೂ ಯಾರೂ ಹೇಳುವುದಿಲ್ಲ, ಅವರು ಪ್ರತಿಸ್ಪರ್ಧಿ. ಕೆಲಸ ಒಪ್ಪಿಸಿದ ದಿನ, ಅವರ ಮುಖ ಅರಳಿದ ಗಳಿಗೆಯಲ್ಲಿ, "ನಿಮ್ಮಲ್ಲಿಗೆ ರೋಗಿಗಳನ್ನು ಕಳುಹಿಸುವ ಕಣ್ಣಿನ ವೈದ್ಯರಿಗೆ ನನ್ನ ಬಗ್ಗೆ ಒಂದು ಮಾತು ಹೇಳುತ್ತೀರಾ?" ಎಂದು ಕೇಳಿದೆ. ನನ್ನೆದುರೇ ಫೋನ್ ತೆಗೆದರು. ಎರಡನೆಯ ಕೆಲಸ ಸಿಕ್ಕಿದ್ದು ಆ ಕರೆಯಿಂದ.

ಉಳಿದ ಕರಪತ್ರಗಳನ್ನು ಪಕ್ಕಕ್ಕಿಡು. ನಾಳೆ ಐದು ಅಂಗಡಿಗಳ ಸಂಖ್ಯೆಗೆ ನೀನೇ ಕರೆ ಮಾಡಿ ನೋಡು, ಯಾವುದು ಎತ್ತಲಿಲ್ಲ ಎಂಬುದನ್ನು ನನಗೆ ಬರೆ.

ಇಂತಿ ನಿನ್ನ ಗೆಳೆಯ