ಸೋಮವಾರ ಮುಂಗಡ ಕೊಡುವ ಮೊದಲು

ಚಿ. ಸುಧಾಳಿಗೆ ಅಪ್ಪನ ಆಶೀರ್ವಾದಗಳು.

ನಿನ್ನೆ ಊಟದ ಹೊತ್ತಿನಲ್ಲಿ ನಾನು ಆಡಿದ ಮಾತು ತಪ್ಪು. ಲೆಕ್ಕದ ಬಗ್ಗೆ ಹೇಳಬೇಕಾದದ್ದನ್ನು ನಿನ್ನ ಬಗ್ಗೆ ಹೇಳಿಬಿಟ್ಟೆ. ಎದುರಿಗೆ ಕೂತರೆ ಮತ್ತೆ ದನಿ ಏರೀತೆಂದು ಬರೆಯುತ್ತಿದ್ದೇನೆ.

ನೀನು ತಂದ ಸಿಎನ್‌ಸಿ ಲೇತ್‌ನ ಕೊಟೇಶನ್ನನ್ನು ರಾತ್ರಿ ಮೂರು ಸಲ ಓದಿದೆ. ಯಂತ್ರದ ಆಯ್ಕೆಯಲ್ಲಿ ತಪ್ಪಿಲ್ಲ. ನಮ್ಮ ಪಂಪ್ ಶಾಫ್ಟಿನ ಉದ್ದವನ್ನೂ ಚಕ್ಕಿನ ಅಳತೆಯನ್ನೂ ನೀನು ಹೊಂದಿಸಿ ನೋಡಿದ ರೀತಿ ನನಗೂ ಹೊಳೆಯುತ್ತಿರಲಿಲ್ಲ. ಆದರೆ 'ಹದಿನೈದು ತಿಂಗಳಲ್ಲಿ ದುಡ್ಡು ವಾಪಸ್' ಎಂಬ ಸಾಲು ನನ್ನ ನಿದ್ದೆ ಕೆಡಿಸಿತು. ಗಂಟೆಗೆ 400 ರೂಪಾಯಿ, ದಿನಕ್ಕೆ 16 ಗಂಟೆ, ತಿಂಗಳಿಗೆ 25 ದಿನ, ಒಟ್ಟು 1,60,000. ಯಂತ್ರದ ಬೆಲೆ 24 ಲಕ್ಷವನ್ನು ಅದರಿಂದ ಭಾಗಿಸಿದ್ದೀಯ. ಅದು ಬಿಲ್ಲಿನ ಮೊತ್ತವೇ ಹೊರತು ಉಳಿಯುವ ಹಣವಲ್ಲ. ಎರಡು ಶಿಫ್ಟಿಗೆ ಇಬ್ಬರು ಆಪರೇಟರುಗಳ ಸಂಬಳ 35,000 ಆಗುತ್ತದೆ, ವಿದ್ಯುತ್ತು, ಇನ್ಸರ್ಟು, ಎಣ್ಣೆ, ರಿಪೇರಿ ಸೇರಿ ಗಂಟೆಗೆ 80 ರೂಪಾಯಿ ಹೋಗುತ್ತದೆ. ಟೂಲಿಂಗ್, ಸ್ಟೆಬಿಲೈಜರ್, ಬುನಾದಿ ಸೇರಿದರೆ ಹೂಡಿಕೆಯೂ 24 ಅಲ್ಲ, 27 ಲಕ್ಷ. ಜಿಎಸ್‌ಟಿ ಆಮೇಲೆ ಹೊಂದಾಣಿಕೆಯಾಗುತ್ತದೆ ಎಂದು ಅದನ್ನು ಬಿಟ್ಟಿದ್ದೇನೆ. ನೀನು ಹೇಳಿದ 400 ಗಂಟೆಯೂ ಪೂರ್ತಿ ಓಡಿತೆಂದೇ ಇಟ್ಟುಕೊಂಡರೂ ತಿಂಗಳಿಗೆ ಉಳಿಯುವುದು 93,000. ವಾಪಸಾಗಲು 29 ತಿಂಗಳು ಬೇಕು.

ಆದರೆ 400 ಗಂಟೆ ಓಡುವುದಿಲ್ಲ. ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ.

1996ರಲ್ಲಿ ಒಬ್ಬನೇ ಗಿರಾಕಿಯ ಒಂದೇ ಬುಶ್‌ನ ಮೇಲೆ ನಂಬಿಕೆಯಿಟ್ಟು ನಾನು ಕ್ಯಾಪ್‌ಸ್ಟನ್ ಲೇತ್ ಕೊಂಡೆ. ಲೆಕ್ಕದ ಪ್ರಕಾರ ಅದು ಎರಡು ವರ್ಷದಲ್ಲಿ ತೀರಬೇಕಿತ್ತು. ಎಂಟನೇ ತಿಂಗಳಿಗೆ ಅವರು ಆ ಬುಶ್ಶನ್ನೇ ನೈಲಾನಿಗೆ ಬದಲಾಯಿಸಿದರು. ನಿನಗೆ ಗೊತ್ತಿಲ್ಲದ ಒಂದು ಸಂಗತಿ ಇದೆ: ಕೆಲಸವಿಲ್ಲದ ಆ ಸಂಜೆಗಳಲ್ಲಿ ನಾನು ಯಂತ್ರವನ್ನು ಖಾಲಿಯಾಗಿಯೇ ಓಡಿಸುತ್ತಿದ್ದೆ. ಪಕ್ಕದ ಶೆಡ್ಡಿನವರಿಗೆ ಸದ್ದು ಕೇಳಲಿ, ಸಾಲ ಕೊಟ್ಟವರ ಕಿವಿಗೆ ಬೇರೆ ಮಾತು ಬೀಳದಿರಲಿ ಎಂದು. ಬಾರ್ ಇಲ್ಲದೆ ತಿರುಗುವ ಸ್ಪಿಂಡಲ್ಲಿಗೆ ಬೇರೆಯೇ ಸದ್ದಿರುತ್ತದೆ. ಕಸುಬಿನವರಿಗೆ ಅದು ಕೂಡಲೇ ತಿಳಿಯುತ್ತದೆ. ಪಕ್ಕದವರಿಗೂ ತಿಳಿದಿತ್ತು, ಯಾರೂ ಹೇಳಲಿಲ್ಲ. ಕರೆಂಟಿನ ಬಿಲ್ಲು ಮಾತ್ರ ಬಂತು. ಈಗಲೂ ಕೆಲವು ರಾತ್ರಿ ಆ ಸದ್ದು ನನಗೆ ಕೇಳಿಸುತ್ತದೆ. ಅದಕ್ಕೇ ನಿನ್ನ ಕಾಗದದಲ್ಲಿ ಬೆಲೆಯನ್ನು ಬಿಟ್ಟು ಮೊದಲು ಗಂಟೆಗಳನ್ನು ಹುಡುಕಿದೆ. ಹೇಳಿದ್ದನ್ನೇ ಹೇಳುತ್ತಿದ್ದೇನೆಂದು ನಿನಗೆ ಅನ್ನಿಸಬಹುದು, ಕ್ಷಮಿಸು.

ನಮ್ಮಲ್ಲಿ ನಿಶ್ಚಿತವಾಗಿರುವುದು ಎಷ್ಟು ಗಂಟೆ? ಹೊರಗಿನ ಸಿಎನ್‌ಸಿ ಶಾಪಿಗೆ ನಾವು ಜಾಬ್ ವರ್ಕಿಗೆಂದು ಕಟ್ಟುವ ಹಣ ತಿಂಗಳಿಗೆ ಸುಮಾರು 40,000, ಅಂದರೆ 100 ಗಂಟೆ. ಅದು ನಮ್ಮ ಕೈಗೆ ಬಂದೇ ಬರುತ್ತದೆ. ಅದರ ಮೇಲೆ ಇನ್ನೂ 150 ಗಂಟೆ ಸಿಕ್ಕೀತು ಎನ್ನುವುದಕ್ಕೆ ಆಧಾರ ಆ ವಾಲ್ವ್ ಕಂಪನಿಯವರ ಬಾಯಿಮಾತು. ಎರಡೂ ಸೇರಿ 250 ಗಂಟೆಯಾದರೆ ಖರ್ಚು ಕಳೆದು 45,000 ಉಳಿಯುತ್ತದೆ. ಹೂಡಿಕೆ ವಾಪಸಾಗಲು ಐದು ವರ್ಷ. 20 ಲಕ್ಷಕ್ಕೆ 11ರ ಬಡ್ಡಿಯಲ್ಲಿ ಐದು ವರ್ಷದ ಸಾಲವೆಂದರೆ ಕಂತು ಸುಮಾರು 43,500. ಉಳಿಯುವುದು ಒಂದೂವರೆ ಸಾವಿರ. ವಾಲ್ವಿನ ಕೆಲಸ ಬರದೆ ಹೋದರೆ ಒಬ್ಬನೇ ಆಪರೇಟರನ್ನು ಇಟ್ಟುಕೊಂಡರೂ 100 ಗಂಟೆಗೆ ದಕ್ಕುವುದು 14,500, ಉಳಿದ 29,000 ಹಳೆಯ ಲೇತ್‌ಗಳು ದುಡಿದು ತರಬೇಕು.

ಪ್ರತಿಫಲದ ಲೆಕ್ಕವನ್ನೂ ಹಾಗೆಯೇ ತಿದ್ದಬೇಕಾಯಿತು. ನಿನ್ನ ಹಾಳೆಯಲ್ಲಿ ವರ್ಷಕ್ಕೆ ಶೇಕಡಾ 80 ಎಂದಿದೆ. 250 ಗಂಟೆಯ ಲೆಕ್ಕದಲ್ಲಿ ವರ್ಷಕ್ಕೆ ಉಳಿಯುವುದು 5.4 ಲಕ್ಷ. ಹತ್ತು ವರ್ಷದ ನಂತರ ಯಂತ್ರ 5 ಲಕ್ಷಕ್ಕೆ ಹೋದೀತೆಂದುಕೊಂಡರೆ ವರ್ಷಕ್ಕೆ 2.2 ಲಕ್ಷ ಸವಕಳಿ. ಉಳಿದ 3.2 ಲಕ್ಷವೆಂದರೆ 27 ಲಕ್ಷದ ಮೇಲೆ ಶೇಕಡಾ 12ರ ಆಸುಪಾಸು, ಬಡ್ಡಿ 11. ಇಲ್ಲಿ ನಿನ್ನ ಪರವಾಗಿಯೂ ಒಂದು ಮಾತಿದೆ: ವಾಪಸಾಗುವ ಅವಧಿ ಐದನೇ ವರ್ಷಕ್ಕೇ ಲೆಕ್ಕ ನಿಲ್ಲಿಸುತ್ತದೆ, ಯಂತ್ರವೋ ಅಲ್ಲಿಂದಾಚೆ ಇನ್ನೂ ಐದು ವರ್ಷ ಕಂತಿಲ್ಲದೆ ದುಡಿಯುತ್ತದೆ. ನಾನು ಅವಧಿಯೊಂದನ್ನೇ ಹಿಡಿದು ಬೈದದ್ದು ಆ ಮಟ್ಟಿಗೆ ಅನ್ಯಾಯ.

ಹಾಗಾಗಿ ಬೇಡ ಎನ್ನುತ್ತಿಲ್ಲ. ವಾಲ್ವಿನವರಿಂದ ತಿಂಗಳ ಸಂಖ್ಯೆ ಬರೆದ ಆರ್ಡರ್ ಬರಲಿ, ಒಂದು ವರ್ಷದ್ದಾದರೂ ಇರಲಿ. ಅವರ ಒಂದು ಪೀಸಿಗೆ ಎಷ್ಟು ನಿಮಿಷ ಹಿಡಿಯುತ್ತದೆಂದು ಮಾರುವವರ ಡೆಮೊ ಯಂತ್ರದಲ್ಲಿ ನಮ್ಮದೇ ಎರಕದ ಮೇಲೆ ಓಡಿಸಿ ನೋಡು. ಸೆಟ್ಟಿಂಗಿನ ಸಮಯವನ್ನು ಬೇರೆ ಬರೆದುಕೋ, ಸಣ್ಣ ಬ್ಯಾಚುಗಳಲ್ಲಿ ಗಂಟೆಗಳು ಕರಗಿಹೋಗುವುದು ಅಲ್ಲೇ.

ಮುಂಗಡದ ಚೆಕ್ಕಿಗೆ ಸಹಿ ಹಾಕಿ ನಿನ್ನ ಡ್ರಾಯರಿನಲ್ಲಿ ಇಟ್ಟಿದ್ದೇನೆ. ದಿನಾಂಕ ಬರೆದಿಲ್ಲ, ಅದನ್ನು ನೀನೇ ಬರೆ.

ಇಂತಿ,
ನಿನ್ನ ಅಪ್ಪ