ಹಬ್ಬದ ಜಾಹೀರಾತಿಗೆ ಸುಳ್ಳು ಹೇಳಿಕೊಡುವುದೇಕೆ?

ಸಂಪಾದಕರಿಗೆ,

ಗಣಪತಿ ಹಬ್ಬದ ಮೋದಕದ ಪ್ರಚಾರಕ್ಕೆ ಜಾಹೀರಾತು ಏಜೆನ್ಸಿಯೊಂದು ರೀಲ್ಸ್ ಮಾಡುವವರನ್ನು ಸೇರಿಸಿದ ಅಂಧೇರಿ ಸಭೆಯ ವರದಿಯನ್ನು ನಿಮ್ಮ ಪತ್ರಿಕೆಯಲ್ಲಿ ನೋಡಿದೆ. ‘ಉತ್ಸಾಹದ ಸಭೆ’ ಎಂದು ಬರೆದಿದ್ದೀರಿ. ಒಳಗೆ ಏನು ನಡೆಯಿತು ಎಂದು ಬರೆದಿಲ್ಲ.

ನಾನು ಅಲ್ಲಿದ್ದೆ. ಡೊಂಬಿವಲಿಯಿಂದ ಲೋಕಲ್‌ನಲ್ಲಿ ನಿಂತೇ ಹೋಗಿ, ದಾದರ್‌ನಲ್ಲಿ ಗಾಡಿ ಬದಲಿಸಿ, ಹೇಳಿದ ಹೊತ್ತಿಗೆ ತಲುಪಿದರೆ ಹಾಲ್‌ನ ಬಾಗಿಲೇ ತೆರೆದಿರಲಿಲ್ಲ. ಕಾಲು ನೋಯುವಷ್ಟು ಕಾಯಿಸಿ, ಕೊನೆಗೆ ಒಂದು ಡಬ್ಬಿ ಮೋದಕ ಮತ್ತು ಬ್ರೀಫ್ ಕೈಗಿಟ್ಟರು.

ನಾವು ಆಡಬೇಕಾದ ಮಾತು ಅದರಲ್ಲೇ ಬರೆದಿತ್ತು. ‘ನಮ್ಮ ಮನೆ ಗಣಪತಿಗೆ ಪ್ರತಿ ವರ್ಷ ಇದೇ ಮೋದಕ’ ಎನ್ನಬೇಕಂತೆ. ಡಬ್ಬಿಯನ್ನು ಇನ್ನೂ ಬಿಚ್ಚಿರಲಿಲ್ಲ! ‘ಸಕ್ಕರೆ ಕಾಯಿಲೆಯವರೂ ಧಾರಾಳವಾಗಿ ತಿನ್ನಬಹುದು’ ಎಂದೂ ಹೇಳಬೇಕಂತೆ. ಡಬ್ಬಿಯ ಮೇಲೆ ನೋಡಿದರೆ ಬೆಲ್ಲ, ಖರ್ಜೂರ. ಬೆಲ್ಲ ತಿಂದರೆ ಸಕ್ಕರೆ ಏರಲ್ವಾ? ನನ್ನ ರೀಲ್ಸ್ ನೋಡುವವರಲ್ಲಿ ನಮ್ಮ ಕನ್ನಡದ ಅಜ್ಜಿಯರೇ ಜಾಸ್ತಿ. ಅವರು ನಂಬಿ ತಿಂದರೆ ಯಾರು ಹೊಣೆ?

‘ಆ್ಯಡ್’ ಅಂತ ಹಾಕಿದರೆ ನೋಡುವವರು ಕಡಿಮೆಯಾಗುತ್ತಾರೆ, ಕೊನೆಯ ಹ್ಯಾಶ್‌ಟ್ಯಾಗ್‌ಗಳ ನಡುವೆ ಸೇರಿಸಿಬಿಡಿ ಎಂದು ಏಜೆನ್ಸಿಯ ಹುಡುಗ ಹೇಳಿದ. ದುಡ್ಡು ತಗೊಳ್ಳದೆ ಬರೀ ಡಬ್ಬಿ ತಗೊಂಡವರಿಗೆ ಅದೂ ಬೇಡವಂತೆ. ಎರಡೂ ತಪ್ಪು. ಜಾಹೀರಾತು ಗುಣಮಟ್ಟ ಮಂಡಳಿ 2021ರಲ್ಲೇ ನಿಯಮ ಮಾಡಿದೆ. ಪುಕ್ಕಟೆ ಕೊಟ್ಟ ವಸ್ತುವೂ ಲೆಕ್ಕಕ್ಕೆ ಬರುತ್ತದೆ. ಹ್ಯಾಶ್‌ಟ್ಯಾಗ್ ರಾಶಿಯಲ್ಲಿ ಲೇಬಲ್ ಹುದುಗಿಸುವಂತಿಲ್ಲ. 15 ಸೆಕೆಂಡ್ ಮೀರದ ವಿಡಿಯೊದಲ್ಲಿ ಅದು ಕನಿಷ್ಠ 3 ಸೆಕೆಂಡ್ ಕಾಣಬೇಕು. ಅದಕ್ಕಿಂತ ಉದ್ದವಾದರೆ, 2 ನಿಮಿಷದವರೆಗೆ, ಮೂರನೇ ಒಂದು ಭಾಗ. ಅವರು ಕೇಳಿದ್ದು 45 ಸೆಕೆಂಡ್ ರೀಲ್. ಅಂದರೆ 15 ಸೆಕೆಂಡ್ ಪರದೆಯ ಮೇಲೆ ಲೇಬಲ್ ಇರಬೇಕು. ಕನ್ನಡ ರೀಲ್‌ಗೆ ‘ಜಾಹೀರಾತು’ ಎಂದು ಕನ್ನಡದಲ್ಲೇ ಹಾಕಬಹುದು.

2019ರ ಗ್ರಾಹಕ ಕಾಯ್ದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡವಿದೆ. ಮೋದಕವನ್ನು ಹೊಗಳಿದ ನಮ್ಮನ್ನು ಒಂದು ವರ್ಷದವರೆಗೆ ಇಂಥ ಕೆಲಸದಿಂದ ದೂರ ಇಡಬಹುದು. ಬ್ರೀಫ್‌ನಲ್ಲಿ ಇದರ ಸುದ್ದಿಯೇ ಇಲ್ಲ. ಕೇಳಿದರೆ ‘ಮೇಡಂ, ಎಲ್ಲರೂ ಹೀಗೇ ಮಾಡ್ತಾರೆ’ ಎಂಬ ಉತ್ತರ.

ಬ್ರೀಫ್ ಬರೆಯುವುದು ಅಷ್ಟು ಕಷ್ಟವೇ? ಡಬ್ಬಿಯನ್ನು ಒಂದು ವಾರ ಮೊದಲೇ ಮನೆಗೆ ಕಳಿಸಿ. ತೂಕ, ಬೆಲೆ, ಏನೇನು ಹಾಕಿದ್ದಾರೆ, ಎಷ್ಟು ದಿನ ಇಡಬಹುದು ಎಂಬುದನ್ನು ಕೊಡಿ. ಕಾಯಿಲೆಯ ಮಾತು ಎತ್ತಬೇಡಿ ಎಂದು ಬರೆಯಿರಿ. ಲೇಬಲ್ ಎಲ್ಲಿ, ಎಷ್ಟು ಸೆಕೆಂಡ್ ಎಂಬುದು ಮೊದಲ ಸಾಲಲ್ಲೇ ಇರಲಿ. ರುಚಿ ಹೇಗಿದೆ ಅಂತ ನಾವು ತಿಂದು ಹೇಳುತ್ತೇವೆ.

ಅಧಿಕಾರಿಗಳನ್ನಂತೂ ಕೇಳಲೇಬೇಡಿ. ನಮ್ಮ ಸ್ಟೇಷನ್ ಹೊರಗೆ ಹಬ್ಬ ಬಂತೆಂದರೆ ಫುಟ್‌ಪಾತ್ ಮುಚ್ಚುವಂತೆ ಹೋರ್ಡಿಂಗ್ ಕಟ್ಟುತ್ತಾರೆ. ದೂರು ಕೊಟ್ಟರೆ ಆ ಟೇಬಲ್, ಈ ಟೇಬಲ್ ಅಂತ ಅಲೆಸುತ್ತಾರೆ. ಕಣ್ಣೆದುರಿನ ಬೋರ್ಡ್ ಕಾಣದವರು ಫೋನಿನೊಳಗಿನ ಸುಳ್ಳನ್ನು ಹಿಡಿಯುತ್ತಾರಾ?

ಏಜೆನ್ಸಿಯವರು ಆ ಬ್ರೀಫ್ ವಾಪಸ್ ತಗೊಳ್ಳಲಿ. ಅಧಿಕಾರಿಗಳು ಕುರ್ಚಿ ಬಿಟ್ಟು ಏಳಲಿ. ಪತ್ರಿಕೆಯವರೂ ಇನ್ನು ಮುಂದೆ ಸಭೆಗೆ ಹೋದರೆ ಕೈಗೆ ಕೊಟ್ಟ ಕಾಗದವನ್ನು ಓದಿ ಬರೆಯಿರಿ.

– ನಿಮ್ಮ ಓದುಗರಲ್ಲೊಬ್ಬಳು, ಡೊಂಬಿವಲಿ ಪೂರ್ವ